ಒದೆ ಬೀಳಬೇಕು, ರಕ್ತ ಕಾಣಬಾರದು: ಸ್ಪಾರಿಂಗ್ ವೀಡಿಯೊ ಪ್ರಾಂಪ್ಟಿಗೆ ನಾಲ್ಕು ದಾರಿ, ಯಾವುದು ಯಾವಾಗ

ಬರೆದದ್ದನ್ನು ವೀಡಿಯೊ ಮಾಡಿಕೊಡುವ ಎಐ ಮಾದರಿಗಳಿಗೆ ಇಬ್ಬರನ್ನು ಅಕ್ಕಪಕ್ಕ ನಡೆಸುವುದು ಈಗ ಕಷ್ಟವೇನಲ್ಲ. ಒಬ್ಬನ ಕಾಲು ಇನ್ನೊಬ್ಬನ ಮೈಗೆ ತಾಗಿ, ತಾಗಿದ್ದಕ್ಕೆ ತಕ್ಕಂತೆ ಆ ಮೈ ಅಲುಗಬೇಕು ಎಂದಾಗ ಮಾತ್ರ ಅವು ತಡವರಿಸುತ್ತವೆ. ಕಾಲು ಹೊಟ್ಟೆಯೊಳಗೆ ಇಳಿದುಹೋಗುತ್ತದೆ, ಅಥವಾ ಒಂದು ಗೇಣು ದೂರದಲ್ಲೇ ನಿಂತರೂ ಎದುರಿನವನು ಹಿಂದಕ್ಕೆ ಹಾರುತ್ತಾನೆ. ಆಗ ಹೆಚ್ಚಿನವರು ಮಾಡುವ ತಪ್ಪು ಒಂದೇ: ಏಟಿಗೆ ಜೋರು ಸಾಲದು ಎಂದುಕೊಂಡು ‘ಭೀಕರ’, ‘ಬಲವಾದ’, ‘ಚಚ್ಚುವ’ ಎಂಬ ಅರ್ಥದ ಪದಗಳನ್ನು ಸೇರಿಸುತ್ತಾರೆ. ಏಟು ಸರಿಯಾಗುವುದಿಲ್ಲ, ತುಟಿಯಲ್ಲಿ ರಕ್ತ ಬರುತ್ತದೆ. ಆಮೇಲೆ ‘ರಕ್ತ ಬೇಡ’ ಎಂದು ಇನ್ನೊಂದು ಸಾಲು. ಹೀಗೆ ಪ್ರಾಂಪ್ಟ್ ತನ್ನ ಜೊತೆಗೆ ತಾನೇ ಜಗಳಕ್ಕೆ ನಿಲ್ಲುತ್ತದೆ.

ಇವು ಎರಡು ತೊಂದರೆಗಳಂತೆ ಕಂಡರೂ ಮೂಲ ಒಂದೇ. ಏಟು ಎಲ್ಲಿ, ಯಾವುದರ ಮೇಲೆ, ಯಾವ ಕ್ಷಣದಲ್ಲಿ ತಾಗಬೇಕು ಎಂದು ಹೇಳಿರುವುದಿಲ್ಲ. ಆ ಜಾಗ ಗೊತ್ತುಮಾಡಿದರೆ ಜೋರಿನ ಪದಗಳು ಬೇಕಾಗುವುದಿಲ್ಲ, ಅವುಗಳ ಬೆನ್ನಿಗೆ ಬರುವ ರಕ್ತವೂ ಬರುವುದಿಲ್ಲ. ಇದನ್ನು ಸಾಧಿಸಲು ನಾಲ್ಕು ದಾರಿಗಳಿವೆ. ಇಡೀ ಕಾಳಗವನ್ನು ಒಂದೇ ಪ್ರಾಂಪ್ಟಿನಲ್ಲಿ ಬರೆಯುವುದು, ಒಂದೊಂದು ಚಲನೆಗೆ ಒಂದೊಂದು ಕ್ಲಿಪ್ ಮಾಡುವುದು, ಏಟು ತಾಗಿದ ಕ್ಷಣವನ್ನು ಮೊದಲು ಚಿತ್ರವಾಗಿ ಮಾಡಿಕೊಂಡು ಅದರ ಎರಡೂ ಕಡೆ ವೀಡಿಯೊ ಕಟ್ಟುವುದು, ಮತ್ತು ನಿಜವಾದ ಮನುಷ್ಯರ ಚಲನೆಯನ್ನು ಚಿತ್ರೀಕರಿಸಿ ಅದನ್ನೇ ಮಾದರಿಗೆ ಕೊಡುವುದು. ನಾಲ್ಕನ್ನೂ ಒಂದೇ ವರಸೆಯ ಮೇಲೆ ಹೋಲಿಸಿ ನೋಡೋಣ.

ವರಸೆ ಇದು. ಸ್ಪಾರಿಂಗಿಗೆ, ಅಂದರೆ ಅಭ್ಯಾಸದ ಕಾಳಗಕ್ಕೆ, ನಿಂತ ಇಬ್ಬರು ವಯಸ್ಕ ಟೇಕ್ವಾಂಡೋ ಆಟಗಾರರು ಎದುರುಬದುರು. ತೆರೆಯ ಬಲಕ್ಕಿರುವ ಹಳದಿ ಎದೆಕವಚದವನು ಮುಂದೆ ಬಂದು ಒದೆಯುತ್ತಾನೆ. ಎಡಕ್ಕಿರುವ ನೀಲಿ ಕವಚದವನು ಅರ್ಧ ಹೆಜ್ಜೆ ಹಿಂದೆ ಜಾರುತ್ತಾನೆ, ಒದೆ ಗಾಳಿಗೆ ಹೋಗುತ್ತದೆ. ಹಳದಿಯವನ ಕಾಲು ನೆಲಕ್ಕಿಳಿಯುತ್ತಿದ್ದಂತೆ ನೀಲಿಯವನು ಹಿಂಗಾಲನ್ನು ಪಕ್ಕದಿಂದ ಸುತ್ತಿಸಿ ರೌಂಡ್‌ಹೌಸ್ ಕಿಕ್ ಹಾಕುತ್ತಾನೆ. ಪಾದದ ಮೇಲ್ಭಾಗ ಹಳದಿ ಕವಚಕ್ಕೆ ಚಪ್ಪಟೆಯಾಗಿ ತಾಗುತ್ತದೆ. ಹಳದಿಯವನು ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಗಾರ್ಡಿಗೆ, ಅಂದರೆ ಕೈಯೆತ್ತಿ ರಕ್ಷಣೆಗೆ ಸಜ್ಜಾದ ನಿಲುವಿಗೆ, ಬರುತ್ತಾನೆ. ಅಷ್ಟೇ.

ಟೇಕ್ವಾಂಡೋ ಏಕೆ

ದಾರಿಗಿಂತ ಮೊದಲು ಕಲೆಯ ಆಯ್ಕೆ. ರಕ್ತವಿಲ್ಲದೆ ಏಟು ಕಾಣಿಸಬೇಕೆಂದರೆ ಏಟು ಬೀಳುವ ಜಾಗ ದೊಡ್ಡದಿರಬೇಕು, ಮೆತ್ತಗಿರಬೇಕು, ಮುಖದಿಂದ ದೂರವಿರಬೇಕು. ಟೇಕ್ವಾಂಡೋದ ಎದೆಕವಚ ಮೂರಕ್ಕೂ ಸರಿಹೊಂದುತ್ತದೆ. ಕವಚಕ್ಕೆ ಬಿದ್ದ ನೇರ ಒದೆಗೆ ಸ್ಪರ್ಧೆಯಲ್ಲಿ 2 ಅಂಕ. ಅಂದರೆ ಅಲ್ಲಿಗೆ ಒದೆಯುವುದೇ ಆಟ, ನೋಡುವವರಿಗೂ ಅದು ಹಲ್ಲೆಯಂತೆ ಕಾಣುವುದಿಲ್ಲ.

ಕರಾಟೆಯ ಕಾಳಗವಾದ ಕುಮಿಟೆ ನೋಡಲು ಚಂದ, ಆದರೆ ಅದರ ಸೊಗಸೇ ಇಲ್ಲಿ ಅಡ್ಡಿ. ಮುಖದ ಕಡೆ ಹೋದ ಮುಷ್ಟಿಯನ್ನು ಚರ್ಮದ ಹತ್ತಿರ ಹಿಡಿತದಲ್ಲಿ ನಿಲ್ಲಿಸಬೇಕು. ಆ ನಿಲುಗಡೆಯನ್ನು ಮಾದರಿ ಸರಿಯಾಗಿಯೇ ತೋರಿಸಿದರೂ ನೋಡುವವರು ‘ತಾಗಲೇ ಇಲ್ಲ’ ಎನ್ನುತ್ತಾರೆ. ಬಾಕ್ಸಿಂಗ್ ಸ್ಪಾರಿಂಗಿನಲ್ಲಿ ಹೆಚ್ಚಿನ ಏಟುಗಳು ಮುಖದ ಸುತ್ತಮುತ್ತ ಬೀಳುತ್ತವೆ, ಒಂದೇ ಆಕಾರದ ನಾಲ್ಕು ಗ್ಲೌಸುಗಳು ಒಂದರ ಮೇಲೊಂದು ಬಂದಾಗ ಯಾವುದು ಯಾರದೆಂದು ಮಾದರಿಗೆ ಲೆಕ್ಕ ತಪ್ಪುತ್ತದೆ. ಜೂಡೋದಲ್ಲಿ ರಕ್ತದ ಭಯ ತೀರಾ ಕಡಿಮೆ, ಆದರೆ ಇಬ್ಬರ ಮೈ ಪೂರ್ತಿ ಹೆಣೆದುಕೊಂಡಿರುತ್ತದೆ. ಎಸೆತದ ನಡುವೆ ಮೂರನೆಯ ತೋಳು ಹುಟ್ಟಿಕೊಂಡರೆ ಆಶ್ಚರ್ಯವಿಲ್ಲ. ಕೋಲು, ಬಿದಿರಿನ ಕತ್ತಿ ಇರುವ ಕಲೆಗಳನ್ನು ಸದ್ಯಕ್ಕೆ ಬದಿಗಿಡಿ. ಕೋಲು ಬೀಸಿದಾಗಲೆಲ್ಲ ಅದರ ಉದ್ದ ಬದಲಾಗುತ್ತದೆ.

ನಿಲುವು ಮತ್ತು ಕ್ಯಾಮೆರಾ

ಯಾವ ದಾರಿ ಹಿಡಿದರೂ ಇದೊಂದನ್ನು ಮೊದಲೇ ತೀರ್ಮಾನಿಸಬೇಕು. ಪ್ರಾಂಪ್ಟ್ ಬರೆಯುವವರು ಹೆಚ್ಚಾಗಿ ಮರೆಯುವುದೂ ಇದನ್ನೇ.

ನೀಲಿಯವನು ತೆರೆಯ ಎಡದಲ್ಲಿ ಬಲಕ್ಕೆ ಮುಖಮಾಡಿ ನಿಂತಿದ್ದಾನೆ, ಅವನ ಎಡಗಾಲು ಮುಂದಿದೆ ಎನ್ನಿ. ಆಗ ಅವನ ಎದೆ ಕ್ಯಾಮೆರಾ ಕಡೆ ತೆರೆದಿರುತ್ತದೆ, ಹಿಂದಿರುವ ಬಲಗಾಲು ಕ್ಯಾಮೆರಾಕ್ಕೆ ಹತ್ತಿರದ ಕಾಲು. ಹಳದಿಯವನೂ ಎಡಗಾಲನ್ನೇ ಮುಂದಿಟ್ಟರೆ ಅವನ ಬೆನ್ನು ಕ್ಯಾಮೆರಾ ಕಡೆ ಬರುತ್ತದೆ, ಏಟು ಬೀಳುವ ಎದೆಭಾಗ ಮರೆಯಾಗುತ್ತದೆ. ಅವನು ಬಲಗಾಲು ಮುಂದಿಟ್ಟರೆ ಇಬ್ಬರ ಎದೆಯೂ ಕ್ಯಾಮೆರಾ ಕಡೆಗೇ ತೆರೆದುಕೊಳ್ಳುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕನ್ನಡಿಯಂತೆ ನಿಂತ ಈ ನಿಲುವನ್ನು ಓಪನ್ ಸ್ಟಾನ್ಸ್ ಎನ್ನುತ್ತಾರೆ. ಹಿಂಗಾಲಿನ ಒದೆಗೆ ಎದುರಾಳಿಯ ಹೊಟ್ಟೆ ತೆರೆದೇ ಸಿಗುತ್ತದೆಂದು ಆಟಗಾರರಿಗೆ ಇದು ಇಷ್ಟ. ನಮಗೆ ಇಷ್ಟವಾಗಬೇಕಾದ ಕಾರಣ ಬೇರೆ: ಒದೆಯುವ ಕಾಲು ಕ್ಯಾಮೆರಾ ಬದಿಯಿಂದಲೇ ಸುತ್ತಿಬರುವುದರಿಂದ ಅದಕ್ಕೂ ಕವಚಕ್ಕೂ ನಡುವೆ ಏನೂ ಅಡ್ಡ ಬರುವುದಿಲ್ಲ. ಮಾದರಿ ಊಹಿಸಬೇಕಾದ ಮರೆಯ ಭಾಗ ಕಡಿಮೆಯಾದಷ್ಟೂ ಕಾಲುಗಳು ಬೆಸೆದುಕೊಳ್ಳುವುದು ಕಡಿಮೆ.

ಇಲ್ಲಿ ಎರಡು ಎಚ್ಚರ. ಪ್ರಾಂಪ್ಟಿನಲ್ಲಿ ‘ಬಲಗಾಲು’, ‘ಎಡಗಾಲು’ ಎಂದು ಬರೆದರೆ ಅದು ಆಟಗಾರನ ಬಲವೋ ತೆರೆಯ ಬಲವೋ ಎಂಬ ಗೊಂದಲ ತಪ್ಪಿದ್ದಲ್ಲ. ‘ಕ್ಯಾಮೆರಾಕ್ಕೆ ಹತ್ತಿರದ ಕಾಲು’ ಎಂದೇ ಬರೆಯಿರಿ. ಎರಡನೆಯದು, ರೌಂಡ್‌ಹೌಸ್ ಒದೆಯುವಾಗ ಸೊಂಟ ತಿರುಗಿ, ತಾಗುವ ಹೊತ್ತಿಗೆ ಒದೆಯುವವನ ಬೆನ್ನು ಕ್ಯಾಮೆರಾ ಕಡೆ ಬಂದಿರುತ್ತದೆ, ನೆಲದ ಮೇಲಿನ ಪಾದದ ಹಿಮ್ಮಡಿ ಎದುರಾಳಿಯತ್ತ ತಿರುಗಿರುತ್ತದೆ. ‘ಇಬ್ಬರ ಎದೆಯೂ ಕ್ಯಾಮೆರಾ ಕಡೆ’ ಎಂದು ಇಡೀ ಕ್ಲಿಪ್ಪಿಗೆ ಅನ್ವಯಿಸುವಂತೆ ಬರೆದರೆ ಮಾದರಿ ಎರಡನ್ನೂ ಪಾಲಿಸಲು ಹೋಗಿ ಬಟ್ಟೆ ಹಿಂಡಿದಂತೆ ಸೊಂಟವನ್ನು ತಿರುಚಿಬಿಡುತ್ತದೆ. ಎದೆ ತೆರೆದ ನಿಲುವು ಗಾರ್ಡಿನಲ್ಲಿರುವಾಗ ಮಾತ್ರ.

ಕ್ಯಾಮೆರಾ ನೇರ ಪಕ್ಕದಲ್ಲಿ, ಅಲುಗದೆ, ಇಬ್ಬರ ಪೂರ್ತಿ ಮೈ ಕಾಣುವಷ್ಟು ದೂರದಲ್ಲಿರಲಿ. ಸಿನಿಮಾ ಹೊಡೆದಾಟದಲ್ಲಿ ಭುಜದ ಹಿಂದಿನಿಂದ ತೆಗೆಯುವುದು ಏಟಿನ ಅಂತರವನ್ನು ಮುಚ್ಚಿಡಲು. ಅದೂ ಒಂದು ಆಯ್ಕೆಯೇ, ಆದರೆ ಆಗ ತಾಗಿದ್ದು ಕಾಣುವುದಿಲ್ಲ, ತಾಗಿತೆಂದು ನಂಬಬೇಕು. ಕ್ಯಾಮೆರಾ ಸುತ್ತುವ ಶಾಟಂತೂ ಬೇಡ. ಹಿನ್ನೆಲೆ, ಮೈ, ಕಾಲು ಮೂರೂ ಒಟ್ಟಿಗೆ ಸರಿಯುವಾಗ ಯಾವ ಚಲನೆ ಯಾರದೆಂಬ ಹಿಡಿತ ತಪ್ಪುತ್ತದೆ.

ಮೊದಲ ದಾರಿ: ಎಲ್ಲ ಒಂದೇ ಪ್ರಾಂಪ್ಟಿನಲ್ಲಿ

ಗೂಗಲ್‌ನ ವಿಯೊ 3 ಒಂದು ಸಲಕ್ಕೆ 8 ಸೆಕೆಂಡಿನ ಕ್ಲಿಪ್ ಕೊಡುತ್ತದೆ, ಸೆಕೆಂಡಿಗೆ 24 ಫ್ರೇಮ್. ಕ್ಲಿಂಗ್‌ನ ಹಲವು ಆವೃತ್ತಿಗಳು 5 ಅಥವಾ 10 ಸೆಕೆಂಡ್. ನಮ್ಮ ವರಸೆ ನಿಜಕ್ಕೆ ಮೂರು ನಾಲ್ಕು ಸೆಕೆಂಡಿನ ಕೆಲಸವಾದ್ದರಿಂದ ಒಂದೇ ಕ್ಲಿಪ್ಪಿನಲ್ಲಿ ಹಿಡಿಸಬೇಕಲ್ಲ ಅನ್ನಿಸುತ್ತದೆ.

ಹಿಡಿಸುತ್ತದೆ, ಆದರೆ ಕ್ರಮ ಉಳಿಯುವುದಿಲ್ಲ. ‘ಅವನು ಒದೆಯುತ್ತಾನೆ, ಇವನು ತಪ್ಪಿಸಿಕೊಂಡು ತಿರುಗಿ ಒದೆಯುತ್ತಾನೆ’ ಎಂಬ ಮಾತಿನಲ್ಲಿ ಎರಡು ಒದೆ, ಇಬ್ಬರು ಮನುಷ್ಯರು. ಯಾವ ಒದೆ ಯಾರದು, ಯಾವುದು ಮೊದಲು ಎಂಬುದು ವಾಕ್ಯರಚನೆಯಿಂದ ತಿಳಿಯಬೇಕಾದ ಸಂಗತಿ, ಮಾದರಿ ಎಡವುವುದೂ ಅಲ್ಲೇ. ಫಲಿತಾಂಶದಲ್ಲಿ ಇಬ್ಬರೂ ಒಟ್ಟಿಗೆ ಕಾಲೆತ್ತುತ್ತಾರೆ, ನಡುವೆ ಎಲ್ಲೋ ಕಾಲುಗಳು ಅದಲುಬದಲಾಗುತ್ತವೆ. ಕೆಲವೊಮ್ಮೆ ಕವಚದ ಬಣ್ಣವೇ ಒಬ್ಬನಿಂದ ಇನ್ನೊಬ್ಬನಿಗೆ ಹೋಗುತ್ತದೆ.

ಈ ದಾರಿ ಹಿನ್ನೆಲೆಗೆ ಸರಿ. ಕಥೆಯ ಪಾತ್ರ ಮುಂದೆ ಮಾತಾಡುತ್ತಿರುವಾಗ ಹಿಂದೆ ಅಭ್ಯಾಸ ನಡೆಯುತ್ತಿದೆ ಎನ್ನುವಂಥ ಕಡೆ ಯಾರೂ ಪಾದ ಎಲ್ಲಿ ತಾಗಿತೆಂದು ನೋಡುವುದಿಲ್ಲ. ಒದೆಯೇ ವಿಷಯವಾಗಿದ್ದರೆ ಇದರ ಮೇಲೆ ಪ್ರಯತ್ನ ಸುರಿಯಬೇಡಿ. ಹತ್ತು ಸಲ ಓಡಿಸಿ ಒಂದು ಸರಿ ಬಂದರೂ, ಹನ್ನೊಂದನೆಯ ಸಲ ಅದನ್ನೇ ಮತ್ತೆ ಪಡೆಯಲು ಏನು ಮಾಡಬೇಕೆಂದು ಗೊತ್ತಿರುವುದಿಲ್ಲ.

ಎರಡನೆಯ ದಾರಿ: ಚಲನೆಗೊಂದು ಕ್ಲಿಪ್

ವರಸೆಯನ್ನು ಮೂರು ತುಂಡು ಮಾಡಿ. ಹಳದಿಯವನ ಒದೆ ತಪ್ಪುವುದು ಒಂದು, ನೀಲಿಯವನ ಒದೆ ತಾಗುವುದು ಒಂದು, ಹಳದಿಯವನು ಸರಿದು ಗಾರ್ಡಿಗೆ ಬರುವುದು ಒಂದು. ಪ್ರತಿ ಕ್ಲಿಪ್ಪಿನಲ್ಲಿ ಕೆಲಸ ಮಾಡುವವನು ಒಬ್ಬ, ಇನ್ನೊಬ್ಬ ಅದಕ್ಕೆ ಪ್ರತಿಕ್ರಿಯಿಸುವವನು. ಯಾರ ಒದೆ ಎಂಬ ಗೊಂದಲ ಅಲ್ಲಿಗೆ ಮುಗಿಯಿತು. ಮೊದಲ ಮತ್ತು ಮೂರನೆಯ ತುಂಡು ಹೆಚ್ಚಾಗಿ ಎರಡು ಮೂರು ಪ್ರಯತ್ನದಲ್ಲಿ ಸರಿಬರುತ್ತವೆ.

ನಡುವಿನದು ಮಾತ್ರ ಆಗಲೂ ಕಾಡುತ್ತದೆ. ಕಾರಣ ಮಾದರಿಯ ಒಳಗಿದೆ. ವೀಡಿಯೊವನ್ನು ಅದು ಫ್ರೇಮು ಫ್ರೇಮಾಗಿ ರಚಿಸುವುದಿಲ್ಲ, ಕುಗ್ಗಿಸಿದ ರೂಪದಲ್ಲಿ ರಚಿಸಿ ಆಮೇಲೆ ಬಿಡಿಸುತ್ತದೆ. ಎಲ್ಲರಿಗೂ ತೆರೆದಿರುವ ವ್ಯಾನ್ 2.1 ಮಾದರಿಯನ್ನೇ ನೋಡಿ. ಅದರ ಕ್ಲಿಪ್ ಸಾಮಾನ್ಯವಾಗಿ 81 ಫ್ರೇಮ್, ಸೆಕೆಂಡಿಗೆ 16ರಂತೆ ಸುಮಾರು 5 ಸೆಕೆಂಡ್. ಒಳಗೆ ಆ 81 ಫ್ರೇಮುಗಳು 21 ತುಣುಕುಗಳಾಗಿ ಕುಗ್ಗಿರುತ್ತವೆ, ನಾಲ್ಕು ಫ್ರೇಮಿಗೆ ಒಂದು ತುಣುಕು, ಅಂದರೆ ಕಾಲು ಸೆಕೆಂಡಿಗೆ ಒಂದು. ಚುರುಕಾದ ಒದೆಯಲ್ಲಿ ಮಂಡಿ ಬಿಚ್ಚುವುದು, ಪಾದ ತಾಗುವುದು, ಮರಳುವುದು ಎಲ್ಲ ಅಷ್ಟರಲ್ಲೇ ಮುಗಿದಿರುತ್ತದೆ. ಹೊರಗೆ ಕಾಣುವುದು ಕಲಸಿದ ಒಂದು ಬಿಳಿ ಪಟ್ಟಿ, ಅದರ ಆಚೆ ಈಗಾಗಲೇ ಬಾಗಿರುವ ಎದುರಾಳಿ.

ಹಾಗಾಗಿ ವೇಗದ ಒದೆ ಬೇಕಿದ್ದರೆ ನಿಧಾನದ ಒದೆಯನ್ನೇ ಕೇಳಬೇಕು. ‘ಅಭ್ಯಾಸದಲ್ಲಿ ತೋರಿಸಿಕೊಡುವಷ್ಟು ನಿಧಾನವಾಗಿ’ ಎಂದು ಬರೆಯಿರಿ. ‘ಸ್ಲೋ ಮೋಷನ್’ ಎಂದು ಬರೆಯಬೇಡಿ, ಅದರ ಜೊತೆಗೆ ಹಾರುವ ಬೆವರು, ಅಲುಗುವ ಕೆನ್ನೆ, ನಾಟಕೀಯ ಬೆಳಕು ಎಲ್ಲ ಬರುತ್ತವೆ. ಆಮೇಲೆ ffmpeg ಎಂಬ ಉಚಿತ ಉಪಕರಣದಿಂದ ವೇಗ ಕೂಡಿಸುವುದು ನಮ್ಮ ಕೈಯಲ್ಲಿದೆ:

```
ffmpeg -i kick.mp4 -an -vf "setpts=PTS/1.5" -r 24 kick_fast.mp4
```

ಸೆಕೆಂಡಿಗೆ 16 ಫ್ರೇಮಿನ ಕ್ಲಿಪ್ಪನ್ನು ಒಂದೂವರೆ ಪಟ್ಟು ಓಡಿಸಿದರೆ ಸರಿಯಾಗಿ 24 ಆಗುತ್ತದೆ, ಒಂದು ಫ್ರೇಮೂ ಬಿಟ್ಟುಹೋಗುವುದಿಲ್ಲ. ಇದು ಮುಖ್ಯ. ಲೆಕ್ಕ ಹೊಂದದ ವೇಗ ಕೊಟ್ಟರೆ ಉಪಕರಣ ಅಲ್ಲಲ್ಲಿ ಫ್ರೇಮು ಎಸೆಯುತ್ತದೆ, ಪಾದ ತಾಗಿದ ಆ ಒಂದೇ ಫ್ರೇಮು ಅದರಲ್ಲಿ ಹೋದರೆ ಪಟ್ಟ ಪಾಡೆಲ್ಲ ವ್ಯರ್ಥ. ಕ್ಲಿಪ್ 24 ಫ್ರೇಮಿನದಾಗಿದ್ದರೆ 1.25 ಪಟ್ಟು ಮಾಡಿ 30ಕ್ಕೆ ತನ್ನಿ. ಮೇಲಿನ ಆಜ್ಞೆ ಧ್ವನಿಯನ್ನು ತೆಗೆದುಹಾಕುತ್ತದೆ ಎಂಬುದೂ ನೆನಪಿರಲಿ.

ಒಂದು ಕ್ಲಿಪ್ಪಿನ ಕೊನೆಯ ಫ್ರೇಮನ್ನು ಮುಂದಿನದರ ಮೊದಲ ಫ್ರೇಮಾಗಿ ಕೊಟ್ಟು ಸರಪಳಿ ಕಟ್ಟುವ ಅಭ್ಯಾಸ ಇದೆ. ಎರಡರವರೆಗೆ ನಡೆಯುತ್ತದೆ. ಮೂರನೆಯದಕ್ಕೆ ಬಣ್ಣ ಗಾಢವಾಗಿ, ಮುಖ ನುಣುಪಾಗಿ ಬೇರೆ ಯಾರೋ ಆಗಿಬಿಟ್ಟಿರುತ್ತಾರೆ.

ಮೂರನೆಯ ದಾರಿ: ತಾಗಿದ ಕ್ಷಣ ಮೊದಲು

ಒದೆ ಸ್ಪಷ್ಟವಾಗಿ ಕಾಣಬೇಕೆಂಬ ಹೆಚ್ಚಿನ ಕೆಲಸಗಳಿಗೆ ಹಿಡಿಯಬೇಕಾದ ದಾರಿ ಇದು. ತಾಗುವ ಕ್ಷಣವನ್ನು ವೀಡಿಯೊ ಮಾದರಿಯ ಊಹೆಗೆ ಬಿಡುವುದೇ ಇಲ್ಲ. ಅದನ್ನು ಸ್ಥಿರಚಿತ್ರವಾಗಿ ಮೊದಲೇ ಮಾಡಿ, ಬೆರಳು ಎಣಿಸಿ, ಪಾದ ಕವಚಕ್ಕೆ ಅಂಟಿದೆಯೋ ನೋಡಿ, ಆಮೇಲೆ ಅದನ್ನು ಒಂದು ಕ್ಲಿಪ್ಪಿನ ಕೊನೆಗೂ ಮುಂದಿನ ಕ್ಲಿಪ್ಪಿನ ಮೊದಲಿಗೂ ಇಡುವುದು. ಮೊದಲ ಮತ್ತು ಕೊನೆಯ ಫ್ರೇಮು ಎರಡನ್ನೂ ತೆಗೆದುಕೊಳ್ಳುವ ಮಾದರಿಯೇ ಬೇಕು. ಕ್ಲಿಂಗ್, ವಿಯೊ 3.1, ವ್ಯಾನ್‌ನ ಅದಕ್ಕೆಂದೇ ಇರುವ ಆವೃತ್ತಿ ಇದನ್ನು ಮಾಡುತ್ತವೆ.

ಬೇಕಾದದ್ದು ಎರಡು ಚಿತ್ರ. ಮೊದಲನೆಯದು ಇಬ್ಬರೂ ಗಾರ್ಡಿನಲ್ಲಿ ನಿಂತದ್ದು. ಎರಡನೆಯದನ್ನು ಹೊಸದಾಗಿ ಮಾಡಬೇಡಿ, ಚಿತ್ರ ತಿದ್ದುವ ಮಾದರಿಗೆ ಮೊದಲನೆಯದನ್ನೇ ಕೊಟ್ಟು ಭಂಗಿ ಬದಲಿಸಿಕೊಳ್ಳಿ. ಹಾಗಾದರೆ ಮುಖ, ಬಟ್ಟೆಯ ಮಡಿಕೆ, ಮ್ಯಾಟಿನ ಗೆರೆ ಎರಡರಲ್ಲೂ ಒಂದೇ ಇರುತ್ತವೆ. ಚಿತ್ರ ಮತ್ತು ವೀಡಿಯೊ ಮಾದರಿಗಳಿಗೆ ಆಟದ ಪದಗಳು ಇಂಗ್ಲಿಷಿನಲ್ಲಿ ಚೆನ್ನಾಗಿ ಹತ್ತುವುದರಿಂದ ಪ್ರಾಂಪ್ಟ್ ಇಂಗ್ಲಿಷಿನಲ್ಲೇ ಇರಲಿ:

```
Side view, full bodies, grey mat. Two adult taekwondo athletes,
white uniforms, white headgear, mouths closed.
Left athlete, blue chest protector: back turned to camera,
leg nearer the camera extended in a roundhouse kick,
instep flat on the right athlete's yellow chest protector.
Right athlete: both feet on the mat, arms in guard.
```

ಇದರಲ್ಲಿ ‘ಹೊಡೆದ’, ‘ಅಪ್ಪಳಿಸಿದ’ ಎಂಬ ಪದವೇ ಇಲ್ಲ ನೋಡಿ. ಪಾದದ ಯಾವ ಭಾಗ, ಯಾವ ಬಣ್ಣದ ಮೇಲೆ, ಹೇಗೆ ಕುಳಿತಿದೆ ಎಂಬುದಷ್ಟೇ ಇದೆ. ಹಳದಿಯವನ ಎರಡೂ ಪಾದ ನೆಲದ ಮೇಲಿವೆ ಎಂದು ಹೇಳದಿದ್ದರೆ ಅವನೂ ಕಾಲೆತ್ತಿರುವ ಚಿತ್ರ ಬರುತ್ತದೆ. ಚಿತ್ರ ಬಂದ ಮೇಲೆ ಪಾದ ಮತ್ತು ಕವಚ ಸೇರುವ ಜಾಗವನ್ನು ದೊಡ್ಡದು ಮಾಡಿ ನೋಡಿ. ಅಲ್ಲಿ ಸಣ್ಣ ನೆರಳು ಇರಬೇಕು, ಕವಚದ ಫೋಮ್ ಸ್ವಲ್ಪ ಒತ್ತಿರಬೇಕು. ನೆರಳಿಲ್ಲದಿದ್ದರೆ ಪಾದ ಕವಚದ ಮುಂದೆ ತೇಲುತ್ತಿದೆ ಎಂದರ್ಥ. ಆ ಚಿತ್ರವನ್ನು ಅಲ್ಲೇ ಬಿಡಿ, ವೀಡಿಯೊದಲ್ಲಿ ಅದು ಸರಿಹೋಗುವುದಿಲ್ಲ.

ಗಾರ್ಡಿನ ಚಿತ್ರದಿಂದ ತಾಗಿದ ಚಿತ್ರಕ್ಕೆ ಹೋಗುವ ಕ್ಲಿಪ್ಪಿನಲ್ಲಿ ಒದೆಯ ದಾರಿಯನ್ನು ಬರೆಯಿರಿ: ಮೊದಲು ಮಂಡಿ ಮೇಲೇರುತ್ತದೆ, ನೆಲದ ಪಾದ ತಿರುಗುತ್ತದೆ, ಆಮೇಲೆ ಕಾಲು ಬಿಚ್ಚಿಕೊಳ್ಳುತ್ತದೆ. ಮಂಡಿಯನ್ನು ಹೇಳದಿದ್ದರೆ ಕಾಲು ಕೋಲಿನಂತೆ ನೆಟ್ಟಗೆ ಮೇಲೇರುತ್ತದೆ. ತಾಗಿದ ಚಿತ್ರದಿಂದ ಹೊರಡುವ ಕ್ಲಿಪ್ಪಿಗೆ ಇಷ್ಟು ಸಾಕು:

```
The kicking foot retracts knee-first and lands. The athlete in
yellow bends slightly at the waist, slides back one step, and
returns to guard. Static camera.
```

ಕೊನೆಯ ಫ್ರೇಮನ್ನು ಇಲ್ಲಿ ಕೊಡಬೇಡಿ. ಹಳದಿಯವನು ಒಂದು ಹೆಜ್ಜೆ ಹಿಂದೆ ಇರಬೇಕಾದ್ದರಿಂದ ಹಳೆಯ ಗಾರ್ಡಿನ ಚಿತ್ರ ಕೊಟ್ಟರೆ ಮಾದರಿ ಅವನನ್ನು ಮತ್ತೆ ಮುಂದಕ್ಕೆ ಎಳೆದು ತರುತ್ತದೆ.

ಈ ದಾರಿಗೆ ಒಂದು ಖಚಿತವಾದ ದೋಷವಿದೆ. ಕೊನೆಯ ಚಿತ್ರ ಗೊತ್ತಿರುವಾಗ ಮಾದರಿ ಅದರ ಹತ್ತಿರ ಬಂದಂತೆ ವೇಗ ತಗ್ಗಿಸಿ ಮೆಲ್ಲಗೆ ತಲುಪುತ್ತದೆ, ನಿಲ್ದಾಣಕ್ಕೆ ಬರುವ ರೈಲಿನಂತೆ. ಮುಂದಿನ ಕ್ಲಿಪ್ಪೂ ನಿಂತಲ್ಲಿಂದ ಮೆಲ್ಲಗೆ ಹೊರಡುತ್ತದೆ. ಹಾಗೇ ಜೋಡಿಸಿದರೆ ಒದೆಯಲ್ಲ, ಪಾದವನ್ನು ಎದೆಯ ಮೇಲೆ ಇಟ್ಟು ತೆಗೆದಂತೆ ಕಾಣುತ್ತದೆ. ಪರಿಹಾರ ಕತ್ತರಿಯಲ್ಲಿದೆ. ಎರಡೂ ಕ್ಲಿಪ್ಪುಗಳ ಫ್ರೇಮುಗಳನ್ನು ಬಿಡಿಸಿಕೊಳ್ಳಿ:

```
ffmpeg -i kick.mp4 kick_%03d.png
```

ವ್ಯಾನ್‌ನ ಕ್ಲಿಪ್ಪಾದರೆ 81 ಚಿತ್ರಗಳು ಸಿಗುತ್ತವೆ. ಹಿಂದಿನಿಂದ ಮುಂದಕ್ಕೆ ನೋಡುತ್ತ ಬನ್ನಿ. ಪಾದ ಫ್ರೇಮಿನಿಂದ ಫ್ರೇಮಿಗೆ ಕೂದಲೆಳೆಯಷ್ಟೇ ಸರಿಯುವ ಕೊನೆಯ ಕೆಲವು ಫ್ರೇಮುಗಳು ಕಾಣುತ್ತವೆ, ಸಾಮಾನ್ಯವಾಗಿ ಮೂರರಿಂದ ಆರು. ಪಾದ ಕವಚದಿಂದ ಒಂದು ಅಂಗೈ ದೂರ ಇರುವ ಫ್ರೇಮಿನವರೆಗೆ ಉಳಿಸಿ, ನಡುವಿನವನ್ನು ತೆಗೆದು, ನೇರ ತಾಗಿದ ಫ್ರೇಮಿಗೆ ಹಾರಿಸಿ. ಮುಂದಿನ ಕ್ಲಿಪ್ಪಿನ ಮೊದಲ ಫ್ರೇಮೂ ಅದೇ ಚಿತ್ರವಾದ್ದರಿಂದ ಒಂದನ್ನು ಬಿಡಬೇಕು. ಅದರ ನಂತರದ ಎರಡು ಮೂರು ನಿಂತ ಫ್ರೇಮುಗಳನ್ನೂ ತೆಗೆಯಿರಿ. ಪಾದ ಒಂದು ಅಂಗೈ ದೂರವನ್ನು ಒಂದೇ ಫ್ರೇಮಿನಲ್ಲಿ ದಾಟಿ ಅಲ್ಲಿ ಒಂದು ಕ್ಷಣ ನಿಲ್ಲುತ್ತದಲ್ಲ, ಕಣ್ಣಿಗೆ ‘ಬಿತ್ತು’ ಅನ್ನಿಸುವುದು ಅದರಿಂದಲೇ.

ಮೊದಲ ತುಂಡಿಗೆ, ಅಂದರೆ ಹಳದಿಯವನ ತಪ್ಪಿದ ಒದೆಗೆ, ಇಷ್ಟು ಶ್ರಮ ಬೇಡ. ಗಾರ್ಡಿನ ಚಿತ್ರವನ್ನೇ ಮೊದಲಿಗೂ ಕೊನೆಗೂ ಕೊಟ್ಟರೆ ಸಾಕು. ತಾಗುವುದೇ ಇಲ್ಲವಾದ್ದರಿಂದ ಕೆಡುವುದೂ ಕಡಿಮೆ.

ನಾಲ್ಕನೆಯ ದಾರಿ: ನಿಜವಾದ ಚಲನೆ

ಇಬ್ಬರು ಆಟಗಾರರನ್ನು ಫೋನಿನಲ್ಲಿ ಚಿತ್ರೀಕರಿಸಿ, ಅದರಿಂದ ಅಸ್ಥಿಪಂಜರದ ಗೆರೆಗಳನ್ನು ತೆಗೆದು, ವ್ಯಾನ್‌ನ ವೇಸ್‌ನಂಥ ನಿಯಂತ್ರಿತ ಮಾದರಿಗೆ ಕೊಡಬಹುದು. ವರಸೆ ಹೆಜ್ಜೆ ಹೆಜ್ಜೆಗೂ ನಿಖರವಾಗಿರಬೇಕು, ಉದಾಹರಣೆಗೆ ಕಲಿಸುವ ವೀಡಿಯೊ ಎಂದಾದರೆ ಬೇರೆ ದಾರಿಯಿಲ್ಲ. ಆದರೆ ಕಾಲುಗಳು ಒಂದನ್ನೊಂದು ದಾಟುವಾಗ ಗೆರೆ ತೆಗೆಯುವ ಉಪಕರಣವೂ ಇವನ ಮಂಡಿಗೆ ಅವನ ಪಾದವನ್ನು ಜೋಡಿಸಿಬಿಡುತ್ತದೆ. ಅಲ್ಲಿ ಗೆರೆಗಿಂತ ಯಾವ ಭಾಗ ಕ್ಯಾಮೆರಾದಿಂದ ಎಷ್ಟು ದೂರ ಎಂದು ತೋರಿಸುವ ಆಳದ ನಕ್ಷೆ, ಅಂದರೆ ಡೆಪ್ತ್ ಮ್ಯಾಪ್ ಒಳ್ಳೆಯದು. ಅದು ಮೈಯ ಆಕಾರವನ್ನೂ ಹಿಡಿದಿಡುವುದರಿಂದ ತೆಳ್ಳಗಿನವರ ಚಿತ್ರೀಕರಣದಿಂದ ದಪ್ಪಗಿನ ಪಾತ್ರ ಮಾಡಲು ಬರುವುದಿಲ್ಲ, ಅಷ್ಟು ಬಿಟ್ಟುಕೊಡಬೇಕು. ಚಿತ್ರೀಕರಿಸುವಾಗಲೂ ಓಪನ್ ಸ್ಟಾನ್ಸ್, ಪಕ್ಕದ ಕ್ಯಾಮೆರಾ, ಬೇರೆ ಬೇರೆ ಬಣ್ಣದ ಬಟ್ಟೆ ಇರಲಿ.

ರಕ್ತವನ್ನು ಹೊರಗಿಡುವುದು

ಪ್ರಾಂಪ್ಟಿನೊಳಗೆ ‘ರಕ್ತವಿಲ್ಲ, ಗಾಯವಿಲ್ಲ’ ಎಂದು ಬರೆಯುವುದಕ್ಕೂ ನಕಾರಾತ್ಮಕ ಪ್ರಾಂಪ್ಟಿನ ಪೆಟ್ಟಿಗೆಯಲ್ಲಿ ಹಾಕುವುದಕ್ಕೂ ಅಜಗಜಾಂತರ. ಮುಖ್ಯ ಪ್ರಾಂಪ್ಟಿನಲ್ಲಿ ‘ಇಲ್ಲ’ ಎಂಬುದು ದುರ್ಬಲ ಪದ, ‘ರಕ್ತ’ ಎಂಬುದು ಬಲವಾದ ಪದ. ಮಾದರಿ ಎರಡನೆಯದನ್ನು ಹಿಡಿದುಕೊಳ್ಳುತ್ತದೆ. ಹಿಂಸೆಯಂಥ ಪ್ರಾಂಪ್ಟುಗಳನ್ನು ತಡೆಯಲು ಸೇವೆಯ ಮುಂಬಾಗಿಲಿನಲ್ಲಿರುವ ಸೋಸುಕವೂ ಆ ಪದ ಕಂಡೊಡನೆ ನಿರಾಕರಿಸಬಹುದು.

ವಿಯೊದಲ್ಲಿ `negativePrompt` ಎಂಬ ಬೇರೆ ಜಾಗವಿದೆ, ಕ್ಲಿಂಗ್‌ನಲ್ಲೂ ವ್ಯಾನ್‌ನಲ್ಲೂ ಅಂಥದ್ದಿದೆ. ಅಲ್ಲಿ ಬೇಡವಾದದ್ದರ ಹೆಸರನ್ನಷ್ಟೇ ಬರೆಯಬೇಕು:

```
blood, wound, bruise, liquid splash, extra limbs
```

ಅಲ್ಲಿಯೂ `no blood` ಎಂದು ಬರೆದರೆ ಅರ್ಥ ತಿರುವುಮುರುವಾದೀತು. ರನ್‌ವೇಯಂಥ ಕೆಲವು ಕಡೆ ಈ ಪೆಟ್ಟಿಗೆಯೇ ಇಲ್ಲ, ಬೇಕಾದದ್ದನ್ನು ಮಾತ್ರ ಬರೆಯಿರಿ ಎನ್ನುತ್ತಾರೆ. ವ್ಯಾನ್ ಅನ್ನು ಸ್ವಂತ ಯಂತ್ರದಲ್ಲಿ ಓಡಿಸುವವರು ಇನ್ನೊಂದನ್ನು ಗಮನಿಸಬೇಕು. ಬೇಗ ಮುಗಿಸಲೆಂದು ಲೋರಾ ಎಂಬ ನಾಲ್ಕೇ ಹಂತದ ವೇಗದ ಜೋಡಣೆ ಹಾಕಿ, ಪ್ರಾಂಪ್ಟನ್ನು ಎಷ್ಟು ಬಿಗಿಯಾಗಿ ಪಾಲಿಸಬೇಕೆಂದು ಹೇಳುವ `cfg` ಅನ್ನು 1ಕ್ಕೆ ಇಳಿಸಿದರೆ ನಕಾರಾತ್ಮಕ ಪ್ರಾಂಪ್ಟ್ ಲೆಕ್ಕಕ್ಕೇ ಬರುವುದಿಲ್ಲ. ಪೆಟ್ಟಿಗೆ ತುಂಬಿದ್ದರೂ ಖಾಲಿ ಇದ್ದಂತೆಯೇ.

ಅದಕ್ಕಿಂತ ನಂಬಿಕೆಗೆ ತಕ್ಕದ್ದು ರಕ್ತಕ್ಕೆ ಜಾಗವೇ ಇಲ್ಲದ ದೃಶ್ಯ. ಹೆಡ್‌ಗಾರ್ಡ್, ಎದೆಕವಚ, ಶುಭ್ರ ಬಟ್ಟೆ, ಸಮ ಬೆಳಕಿನ ಅಭ್ಯಾಸದ ಹಾಲ್, ಅಂಚಿನಲ್ಲಿ ಕೈಕಟ್ಟಿ ನಿಂತ ತೀರ್ಪುಗಾರ. ‘ಫೈಟ್’ ಬದಲು ‘ಸ್ಪಾರಿಂಗ್’, ‘ಫೈಟರ್’ ಬದಲು ‘ಅಥ್ಲೀಟ್’. ‘ವಯಸ್ಕ’ ಎಂದು ಹೇಳುವುದೂ ಬೇಕು. ವಯಸ್ಸು ಅಸ್ಪಷ್ಟವಾಗಿದ್ದರೆ ಸೋಸುಕಗಳು ಬಿಗಿಯಾಗುತ್ತವೆ.

ಇನ್ನು ಬಣ್ಣ. ಟೇಕ್ವಾಂಡೋ ಸ್ಪರ್ಧೆಯಲ್ಲಿ ಕವಚಗಳು ಕೆಂಪು ಮತ್ತು ನೀಲಿ. ಇಲ್ಲಿ ಹಳದಿ ಇಟ್ಟದ್ದು ಬೇಕೆಂದೇ. ಮಾದರಿ ಏಟಿನ ಜಾಗದಲ್ಲಿ ಬೆವರನ್ನೋ ಧೂಳನ್ನೋ ಸಿಡಿಸಿದರೆ ಅದು ಅಕ್ಕಪಕ್ಕದ ಬಣ್ಣವನ್ನು ಎತ್ತಿಕೊಳ್ಳುತ್ತದೆ, ಕೆಂಪು ಕವಚದ ಪಕ್ಕದ ನಾಲ್ಕು ಹನಿ ಯಾರ ಕಣ್ಣಿಗೂ ರಕ್ತವೇ. ಕೆಂಪು ಮೌತ್‌ಗಾರ್ಡ್ ಇನ್ನೂ ಮೋಸದ್ದು, ಬಾಯಿ ತೆರೆದರೆ ಹಲ್ಲೊಡೆದಂತೆ ಕಾಣುತ್ತದೆ. ಅದಕ್ಕೇ ಪ್ರಾಂಪ್ಟಿನಲ್ಲಿ ಬಾಯಿ ಮುಚ್ಚಿಸಿದ್ದು. ಸ್ಪರ್ಧೆಯ ಬಣ್ಣವೇ ಬೇಕೆಂದಿದ್ದರೆ ಕೆಂಪು ಎದೆಯ ಮೇಲಷ್ಟೇ ಇರಲಿ, ಹೆಡ್‌ಗಾರ್ಡ್ ಬಿಳಿಯದೂ ಮ್ಯಾಟ್ ಬೂದು ಬಣ್ಣದ್ದೂ ಆಗಿರಲಿ.

ಏಟಿಗೆ ಜೋರು ಸಾಲದೆನಿಸಿದರೆ ಅದನ್ನು ಧ್ವನಿಯಲ್ಲಿ ಕೂಡಿಸಿ. ವಿಯೊ 3 ಧ್ವನಿಯನ್ನೂ ಮಾಡುತ್ತದೆ, ಆದರೆ ಕತ್ತರಿಸಿ ಜೋಡಿಸಿದ ಕ್ಲಿಪ್ಪಿಗೆ ಬೇರೆಯಾಗಿ ಹಾಕುವುದೇ ಸಲೀಸು. ದಪ್ಪ ಫೋಮ್ ದಿಂಬಿಗೆ ಅಂಗೈಯಿಂದ ತಟ್ಟಿದ ಒಣ ಸದ್ದು ಸರಿಹೊಂದುತ್ತದೆ. ಸಿನಿಮಾ ಸಂಗ್ರಹಗಳಲ್ಲಿ ಸಿಗುವ ಒದ್ದೆಯಾದ, ಎಲುಬು ಮುರಿದಂಥ ಸದ್ದು ಹಾಕಿದರೆ ಚಿತ್ರದಲ್ಲಿಲ್ಲದ ಗಾಯ ಕಿವಿಗೆ ಕಾಣುತ್ತದೆ. ಸದ್ದು ತಾಗಿದ ಫ್ರೇಮಿನಲ್ಲೇ ಶುರುವಾಗಬೇಕು. ಸೆಕೆಂಡಿಗೆ 24ರ ವೀಡಿಯೊದಲ್ಲಿ ಒಂದು ಫ್ರೇಮು ತಡವಾದರೂ ನಡೆದೀತು, ಮುಂಚೆ ಬಂದರೆ ಮಾತ್ರ ಡಬ್ಬಿಂಗ್ ಎಂದು ತಕ್ಷಣ ಗೊತ್ತಾಗುತ್ತದೆ.

ಕೊನೆಯ ತಪಾಸಣೆಗೆ ಜೋಡಿಸಿದ ವೀಡಿಯೊವನ್ನು ಮತ್ತೆ ಫ್ರೇಮುಗಳಾಗಿ ಬಿಡಿಸಿ, ತಾಗಿದ ಫ್ರೇಮಿನ ಹಿಂದಿನ ಐದು, ಮುಂದಿನ ಐದು ಮಾತ್ರ ನೋಡಿ. ತಾಗುವ ಮೊದಲೇ ಹಳದಿಯವನ ಸೊಂಟ ಬಾಗಿದ್ದರೆ ಒದೆಯ ಕ್ಲಿಪ್ಪನ್ನು ಮತ್ತೆ ಮಾಡಬೇಕು. ‘ಹಳದಿಯವನು ಗಾರ್ಡಿನಲ್ಲಿ ಅಲುಗದೆ ನಿಂತಿದ್ದಾನೆ’ ಎಂಬ ಸಾಲು ಅದರಲ್ಲಿ ಬಿಟ್ಟುಹೋಗಿರುತ್ತದೆ. ತಾಗಿದ ಮೇಲೆ ಎರಡು ಫ್ರೇಮಾದರೂ ಅವನು ಅಲುಗದಿದ್ದರೆ ಮುಂದಿನ ಕ್ಲಿಪ್ಪಿನ ಮೊದಲಿನಿಂದ ಇನ್ನೊಂದು ಫ್ರೇಮು ಕತ್ತರಿಸಿ. ಒದೆಯುವವನ ನೆಲದ ಪಾದ ಮ್ಯಾಟಿನ ಮೇಲೆ ಜಾರುತ್ತಿದ್ದರೆ ಕತ್ತರಿಯಿಂದ ಆಗುವ ಕೆಲಸವಲ್ಲ. ಎರಡು ಚಿತ್ರಗಳಲ್ಲಿ ಆ ಪಾದ ಬೇರೆ ಬೇರೆ ಜಾಗದಲ್ಲಿದೆ ಎಂದರ್ಥ, ತಾಗಿದ ಚಿತ್ರವನ್ನೇ ತಿದ್ದಿಕೊಂಡು ಬರಬೇಕು.